ಹೊಂಡದಲ್ಲಿ ನೀರು ಎಷ್ಟಿದೆ, ಮೈಲುತುತ್ತ ಎಷ್ಟು ಹಾಕಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕೃಷಿ ಹೊಂಡ ಮೇಲ್ಗಡೆ 20 ಮೀಟರ್ ಚೌಕ, ತಳದಲ್ಲಿ 11 ಮೀಟರ್ ಚೌಕ, ಆಳ 3 ಮೀಟರ್. ನಾಲ್ಕೂ ಕಡೆ ಇಳಿಜಾರು. ಪ್ಲಾಸ್ಟಿಕ್ ಹಾಳೆ ಹಾಸಿ ಗೆಂಡೆ ಮೀನು ಬಿಟ್ಟಿದ್ದೇವೆ. ನೀರು ಹೆಚ್ಚಾಗಿ ಮಳೆಯದೇ. ಕಳೆದ ವರ್ಷ ಪಾಚಿ ಕಟ್ಟಿದಾಗ 20×20×3 ಅಂತ 1200 ಘನ ಮೀಟರ್ ಲೆಕ್ಕ ಹಾಕಿ, 1 ಪಿಪಿಎಂ ಹಿಡಿದು 1 ಕಿಲೋ 200 ಗ್ರಾಂ ಮೈಲುತುತ್ತ ಹಾಕಿದೆ. ಮೂರನೇ ದಿನ ಬೆಳಗಿನ ಜಾವ ಮೀನುಗಳು ಬಾಯಿ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ದೊಡ್ಡವೇ ಮೊದಲು ಸತ್ತವು. ಅಂಗಡಿಯವರು ಸರಕು ಸ್ಟ್ರಾಂಗ್ ಇತ್ತು ಅಂದರು. ಈಜುಕೊಳ ನೋಡಿಕೊಳ್ಳುವ ನಮ್ಮ ಭಾವ, ಸರಾಸರಿ ಆಳ ಹಿಡಿಯಬೇಕಿತ್ತು ಅಂತಾರೆ. ಈ ಸಲ ಮತ್ತೆ ಪಾಚಿ ಬಂದಿದೆ. ನೀರು ಆಗಿನ ಹಾಗೇ 2 ಮೀಟರ್ ಇದೆ. ಅರ್ಧ, ಅಂದರೆ 600 ಗ್ರಾಂ ಹಾಕಿದರೆ ಆಗುತ್ತಾ?

ಉತ್ತರ: 600 ಗ್ರಾಂ ಹಾಕಬೇಡಿ. ಈಗ ಆ ಹೊಂಡದಲ್ಲಿರುವುದು ಸುಮಾರು 398 ಘನ ಮೀಟರ್ ನೀರು, ಅಂದರೆ ನಾಲ್ಕು ಲಕ್ಷ ಲೀಟರ್‌ಗೆ ಒಂಚೂರು ಕಡಿಮೆ. 1 ಪಿಪಿಎಂ ಅಂದರೆ ಒಂದು ಘನ ಮೀಟರ್ ನೀರಿಗೆ ಒಂದು ಗ್ರಾಂ. ಕಳೆದ ವರ್ಷ ನೀವು ಹಾಕಿದ್ದು 1 ಪಿಪಿಎಂ ಅಲ್ಲ, 3 ಪಿಪಿಎಂ. ಈಗ ಅರ್ಧ ಮಾಡಿದರೂ 1.5 ಪಿಪಿಎಂ ಆಗುತ್ತದೆ. ಮಳೆ ನೀರಿಗೆ ಅದೂ ತುಂಬಾ ಜಾಸ್ತಿ.

398 ಹೇಗೆ ಬಂತು ಅಂತ ನೋಡೋಣ. ಕಳೆದ ವರ್ಷದ ತಪ್ಪು ಇರುವುದು ಅಲ್ಲೇ.

ನಿಮ್ಮ ಹೊಂಡ ಡಬ್ಬಿಯ ಆಕಾರದ್ದಲ್ಲ, ಬೋಗುಣಿಯ ಆಕಾರದ್ದು. ಮೇಲೆ 20 ಮೀಟರ್, ತಳದಲ್ಲಿ 11. ಒಟ್ಟು 9 ಮೀಟರ್ ವ್ಯತ್ಯಾಸ, ಒಂದೊಂದು ಬದಿಗೆ 4.5 ಮೀಟರ್. ಆಳ 3 ಮೀಟರ್ ಆದ್ದರಿಂದ, ಒಂದು ಮೀಟರ್ ಕೆಳಗಿಳಿದರೆ ಬದಿ ಒಂದೂವರೆ ಮೀಟರ್ ಒಳಗೆ ಬರುತ್ತದೆ. ಈಗ ನೀರು 2 ಮೀಟರ್ ಇದೆ ಅಂದಿರಿ. ಹಾಗಾದರೆ ನೀರಿನ ಮೇಲ್ಮೈ 20 ಮೀಟರ್ ಇಲ್ಲ. ತಳದ 11 ಮೀಟರ್‌ಗೆ ಎರಡೂ ಬದಿಯಿಂದ 3, 3 ಸೇರಿಸಿ, 17 ಮೀಟರ್. ದಂಡೆಯ ಮೇಲೆ ಟೇಪ್ ಹಿಡಿದು ಅಳೆದ 20 ಮೀಟರ್ ಹೊಂಡದ ಅಳತೆ, ನೀರಿನ ಅಳತೆ ಅಲ್ಲ. ಔಷಧಿ ಕರಗುವುದು ನೀರಿನಲ್ಲಿ, ಅಲ್ವಾ?

ಇನ್ನು ಲೆಕ್ಕ. ಮೂರು ಕಡೆಯ ವಿಸ್ತೀರ್ಣ ಬೇಕು. ನೀರಿನ ಮೇಲ್ಮೈ 17×17, ಅಂದರೆ 289. ತಳ 11×11, ಅಂದರೆ 121. ಇವೆರಡರ ನಟ್ಟನಡುವೆ, ಒಂದು ಮೀಟರ್ ಆಳದಲ್ಲಿ, ಬದಿ 14 ಮೀಟರ್ ಇರುತ್ತದೆ, ವಿಸ್ತೀರ್ಣ 196. ಸೂತ್ರ ಇಷ್ಟೇ:

```
ನೀರು = (ಆಳ ÷ 6) × (ಮೇಲ್ಮೈ + 4 × ನಡು + ತಳ)
     = (2 ÷ 6) × (289 + 784 + 121)
     = 398 ಘನ ಮೀಟರ್
```

ನಡುವಿನದಕ್ಕೆ ಮಾತ್ರ ಯಾಕೆ ನಾಲ್ಕು ಪಟ್ಟು ಅಂತ ಕೇಳಬಹುದು. ಇಳಿಜಾರು ಹೊಂಡದಲ್ಲಿ ಉದ್ದವೂ ಅಗಲವೂ ಒಟ್ಟಿಗೆ ಕಿರಿದಾಗುತ್ತವೆ. ಹಾಗಾಗಿ ನಡುವಿನ ವಿಸ್ತೀರ್ಣ ಮೇಲಿನ ಮತ್ತು ತಳದ ವಿಸ್ತೀರ್ಣಗಳ ಸರಾಸರಿಗಿಂತ ಕಡಿಮೆ ಇರುತ್ತದೆ. ನಿಮ್ಮಲ್ಲೇ ನೋಡಿ, 289 ಮತ್ತು 121ರ ಸರಾಸರಿ 205, ನಿಜವಾದ ನಡು 196. ಈ ಸೂತ್ರ ಆ ವ್ಯತ್ಯಾಸವನ್ನು ಸರಿಯಾಗಿ ಹಿಡಿಯುತ್ತದೆ. ಬದಿಗಳು ನೇರ ಇಳಿಜಾರಾಗಿದ್ದರೆ ಉದ್ದ ಅಗಲ ಬೇರೆ ಬೇರೆ ಇರುವ ಹೊಂಡಕ್ಕೂ ಇದೇ ಸಾಕು.

ನಿಮ್ಮ ಭಾವ ಹೇಳಿದ್ದು ಅವರ ಕೊಳಕ್ಕೆ ಸರಿ ಇರಬಹುದು. ಈಜುಕೊಳದ ಗೋಡೆ ನೆಟ್ಟಗಿರುತ್ತದೆ, ಇಳಿಜಾರು ಇರುವುದು ನೆಲದಲ್ಲಿ. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನೆಲ ಒಂದೇ ಸಮ ಇಳಿದಿದ್ದರೆ, ಎರಡು ತುದಿಯ ಆಳದ ಸರಾಸರಿಯನ್ನು ಉದ್ದ ಅಗಲದಿಂದ ಗುಣಿಸಿದರೆ ಸಾಕು. ಆದರೆ ಹಾಗೆ ಒಂದೇ ಸಮ ಇಳಿಯದ ಕೊಳಗಳೂ ಬಹಳ ಇವೆ. 25 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಕೊಳ ಇಟ್ಟುಕೊಳ್ಳಿ. ಮೊದಲ 15 ಮೀಟರ್ ಸಪಾಟಾಗಿ 1 ಮೀಟರ್ ಆಳ. ಮುಂದಿನ 5 ಮೀಟರ್‌ನಲ್ಲಿ ನೆಲ ಇಳಿಯುತ್ತದೆ. ಕೊನೆಯ 5 ಮೀಟರ್ ಮತ್ತೆ ಸಪಾಟು, 2.5 ಮೀಟರ್ ಆಳ. ಎರಡು ತುದಿಯ ಸರಾಸರಿ 1.75 ಹಿಡಿದರೆ 437.5 ಘನ ಮೀಟರ್ ಬರುತ್ತದೆ. ಮೂರು ತುಂಡು ಮಾಡಿ ಕೂಡಿದರೆ 150, 87.5, 125, ಒಟ್ಟು 362.5 ಅಷ್ಟೇ. ಕ್ಲೋರಿನ್ ಐದರಲ್ಲಿ ಒಂದು ಪಾಲು ಜಾಸ್ತಿ ಬೀಳುತ್ತದೆ. ಕೊಳದಲ್ಲಿ ಅದು ಬಿಸಿಲಿಗೆ ಇಳಿಯುವ ತನಕ ಯಾರನ್ನೂ ನೀರಿಗೆ ಬಿಡದೆ ಕಾಯಬಹುದು. ಹೊಂಡದಲ್ಲಿ ಮೀನು ಆಗಲೇ ನೀರಿನೊಳಗೆ ಇರುತ್ತವೆ, ಮೈಲುತುತ್ತದಲ್ಲಿರುವ ತಾಮ್ರ ಬಿಸಿಲಿಗೆ ಹೋಗುವುದೂ ಇಲ್ಲ.

ಅದೇ ಸರಾಸರಿಯನ್ನು ನಿಮ್ಮ ಹೊಂಡಕ್ಕೆ ತಂದರೆ ತಪ್ಪು ಉಲ್ಟಾ ಕಡೆಗೆ ವಾಲುತ್ತದೆ, ನೀರು ಇರುವುದಕ್ಕಿಂತ ಕಡಿಮೆ ಬರುತ್ತದೆ. ಅಂಚಿನಲ್ಲಿ ಆಳ ಸೊನ್ನೆ, ನಡುವೆ 2, ಸರಾಸರಿ 1 ಮೀಟರ್. 289ಕ್ಕೆ ಗುಣಿಸಿದರೆ 289 ಘನ ಮೀಟರ್. ನಡುವೆ 11 ಮೀಟರ್ ಚೌಕದಷ್ಟು ಸಪಾಟು ತಳ ಇದೆ, ಅಲ್ಲೆಲ್ಲ ಆಳ ಪೂರ್ತಿ 2 ಮೀಟರ್. ಈ ಲೆಕ್ಕ ಅದನ್ನು ಮರೆಯುತ್ತದೆ. ನಿಮ್ಮ ಈಗಿನ ನೀರಿನ ನಿಜವಾದ ಸರಾಸರಿ ಆಳ 1.38 ಮೀಟರ್.

ನೀರು ಇಳಿದ ಹಾಗೆ ಏನಾಗುತ್ತದೆ ಅನ್ನುವುದು ಇದಕ್ಕಿಂತ ಮುಖ್ಯ. ನಿಮ್ಮ ಹೊಂಡ ತುಂಬಿದಾಗ 741 ಘನ ಮೀಟರ್ ಹಿಡಿಯುತ್ತದೆ. 2.5 ಮೀಟರ್‌ಗೆ 556, 2 ಮೀಟರ್‌ಗೆ 398, 1.5ಕ್ಕೆ 266, 1 ಮೀಟರ್‌ಗೆ 157. ಮೇಲಿನ ಅರ್ಧ ಮೀಟರ್‌ನಲ್ಲೇ ಕಾಲು ಭಾಗ ನೀರಿದೆ. ಆಳ ಅರ್ಧಕ್ಕೆ ಬಂದರೆ ನೀರು ಅರ್ಧ ಉಳಿಯುವುದಿಲ್ಲ, ಮೂರನೇ ಒಂದು ಭಾಗದ ಆಸುಪಾಸು ಉಳಿಯುತ್ತದೆ. ಪಾಚಿ ಜೋರಾಗುವುದು ಬೇಸಿಗೆಯಲ್ಲಿ, ನೀರು ಇಳಿದಾಗ. ಆಗಲೇ ಜನ ತುಂಬಿದ ಹೊಂಡದ ಲೆಕ್ಕದಲ್ಲಿ ಔಷಧಿ ಹಾಕುತ್ತಾರೆ. ಮೀನು ಸತ್ತಿದೆ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕಥೆ ಇದೇ. ಅದಕ್ಕೇ ದಂಡೆಯ ಹಾಳೆಗೆ ತೂತು ಬೀಳದ ಹಾಗೆ ಒಂದು ಅಳತೆ ಕಂಬ ಇಳಿಬಿಟ್ಟು, ಅರ್ಧರ್ಧ ಮೀಟರ್‌ಗೆ ಗುರುತು ಹಾಕಿ. ಪಕ್ಕದಲ್ಲೇ ಈ ಐದು ಅಂಕಿ ಬರೆದಿಡಿ. ಆಮೇಲೆ ಪ್ರತಿ ಸಲ ಲೆಕ್ಕ ಮಾಡುವ ಕೆಲಸವೇ ಇಲ್ಲ.

ನಾನು ಕೊಟ್ಟ ಅಂಕಿಗಳೆಲ್ಲ ನೀವು ಹೇಳಿದ ಅಳತೆಯ ಮೇಲೆ ನಿಂತಿವೆ. ಹೊಂಡ ತೋಡಿದ ನಂತರ ಇಳಿಜಾರು ನಕ್ಷೆಯಲ್ಲಿದ್ದ ಹಾಗೇ ಇರುತ್ತದೆ ಅಂತ ನಂಬಬೇಡಿ. ಈಗ ನೀರು ದಂಡೆಗಿಂತ ಒಂದು ಮೀಟರ್ ಕೆಳಗಿದೆ, ಅಷ್ಟು ಹಾಳೆ ಒಣಗಿ ಕಾಣುತ್ತಿರಬೇಕು. ದಂಡೆಯ ಅಂಚಿನಿಂದ ನೀರಿನ ಅಂಚಿನವರೆಗೆ ಹಾಳೆಯ ಮೇಲೇ ಟೇಪ್ ಇಳಿಬಿಡಿ. ನಿಮ್ಮ ಇಳಿಜಾರು ಹೇಳಿದ ಹಾಗೇ ಇದ್ದರೆ 1 ಮೀಟರ್ 80 ಸೆಂಟಿಮೀಟರ್ ಬರಬೇಕು. 1.40 ಬಂದರೆ ಇಳಿಜಾರು ಕಡಿದಾಗಿದೆ, ಮೀಟರ್‌ಗೆ ಒಂದೇ ಮೀಟರ್ ಒಳಗೆ ಬರುತ್ತಿದೆ ಅಂತ ಅರ್ಥ. ನಾಲ್ಕೂ ಬದಿ ಅಳೆಯಿರಿ, ಒಂದೇ ತರ ಇರುವುದು ಕಡಿಮೆ.

ಆಳ ನೋಡಲು ಹೊಂಡಕ್ಕೆ ಇಳಿಯಬೇಡಿ. ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲುವುದಿಲ್ಲ. ಈಜು ಬರುವವರಿಗೂ ಹತ್ತಿ ಬರಲು ಹಿಡಿತ ಸಿಗದೆ ಪ್ರಾಣ ಹೋಗುತ್ತದೆ. ಎದುರು ಬದುರು ದಂಡೆಯಲ್ಲಿ ಇಬ್ಬರು ನಿಂತು ಅಡ್ಡ ಹಗ್ಗ ಹಿಡಿಯಿರಿ. ನಡುವೆ ಒಂದು ಸಣ್ಣ ಬಳೆ ಕಟ್ಟಿ, ಅದರೊಳಗಿಂದ ಗುರುತು ಹಾಕಿದ ಇನ್ನೊಂದು ದಾರ ಇಳಿಬಿಡಿ. ದಾರದ ತುದಿಗೆ ಬರೀ ಕಲ್ಲು ಕಟ್ಟಿದರೆ ಅದು ಹೂಳಿನೊಳಗೆ ಇಳಿದು ಆಳ ಜಾಸ್ತಿ ತೋರಿಸುತ್ತದೆ. ಅಗಲವಾದ ಒಂದು ಹಳೇ ತಟ್ಟೆಗೆ ಸ್ವಲ್ಪ ಭಾರ ಕಟ್ಟಿ ಇಳಿಸಿ, ಅದು ಹೂಳಿನ ಮೇಲೆ ಕೂರುತ್ತದೆ. ನಿಮ್ಮ ಹೊಂಡದಲ್ಲಿ 20 ಸೆಂಟಿಮೀಟರ್ ಹೂಳು ಇದ್ದರೆ ಸುಮಾರು 25 ಘನ ಮೀಟರ್ ನೀರು ಲೆಕ್ಕದಿಂದ ಕಳೆಯಬೇಕು.

ಲೆಕ್ಕ ಸರಿ ಇದೆಯಾ ಅಂತ ಪರೀಕ್ಷಿಸಲು ಇನ್ನೊಂದು ದಾರಿ ಇದೆ, ಉಪ್ಪು ಮತ್ತು ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್. ಒಂದು ಘನ ಮೀಟರ್ ನೀರಿಗೆ ಒಂದು ಗ್ರಾಂ ಹಾಕಿದರೆ 1 ಪಿಪಿಎಂ. ಹಾಗಾಗಿ 400 ಘನ ಮೀಟರ್‌ಗೆ 40 ಕಿಲೋ ಉಪ್ಪು ಕರಗಿಸಿದರೆ 100 ಪಿಪಿಎಂ ಏರಬೇಕು. ಪೆನ್‌ಗಳೆಲ್ಲ ಒಂದೇ ಅಳತೆಗೆ ಮಾಡಿದವಲ್ಲ, ಅದಕ್ಕೆ ಮೊದಲು ನಿಮ್ಮ ಪೆನ್ ಹೇಗೆ ಓದುತ್ತದೆ ನೋಡಿಕೊಳ್ಳಿ. ಒಂದು ಲೀಟರ್ ನೀರಿಗೆ 10 ಗ್ರಾಂ ಉಪ್ಪು ಕರಗಿಸಿ. ಅದರಲ್ಲಿ 100 ಮಿಲಿ ತೆಗೆದು, ಬಕೆಟ್‌ನಲ್ಲಿರುವ 10 ಲೀಟರ್ ಹೊಂಡದ ನೀರಿಗೆ ಸೇರಿಸಿ. ಅಲ್ಲಿಗೆ ಬಕೆಟ್‌ನಲ್ಲಿ 100 ಪಿಪಿಎಂ ಏರಿತು. ಪೆನ್ 130 ಏರಿದೆ ಅಂದರೆ ಹೊಂಡದಲ್ಲೂ 130 ಏರಿದಾಗಲೇ 400 ಘನ ಮೀಟರ್. ಹೊಂಡದಲ್ಲಿ ಅದಕ್ಕಿಂತ ಜಾಸ್ತಿ ಏರಿದರೆ ನೀರು ಕಡಿಮೆ ಇದೆ. ಉಪ್ಪನ್ನು ಕರಗಿಸಿ ಸುತ್ತಲೂ ಚೆಲ್ಲಿ, ಪಂಪ್‌ನಿಂದ ನೀರು ತಿರುಗಿಸಿ, ಮರುದಿನ ನಾಲ್ಕೈದು ಕಡೆ ಮೇಲೂ ಕೆಳಗೂ ಓದಿ. ಗೆಂಡೆಗೆ ಇಷ್ಟು ಉಪ್ಪು ಏನೂ ಮಾಡುವುದಿಲ್ಲ. ಆದರೆ ಬೋರ್‌ವೆಲ್ ನೀರು ಮೊದಲೇ ಉಪ್ಪಾಗಿದ್ದು ಅದನ್ನೇ ಬೆಳೆಗೂ ಬಿಡುವವರು ಈ ಪರೀಕ್ಷೆ ಮಾಡಬಾರದು. ಟೇಪಿನ ಲೆಕ್ಕವೇ ಅವರಿಗೆ ಸಾಕು.

ಈಗ ಔಷಧಿಗೆ ಬರೋಣ. ನೀರು ಎಷ್ಟಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆಯಿತು. ಇನ್ನರ್ಧ ಆ ನೀರಿನ ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಅಳತೆ. ತಾಮ್ರ ಅವುಗಳ ಜೊತೆ ಸೇರಿಕೊಂಡರೆ ಅದರ ವಿಷ ತಗ್ಗುತ್ತದೆ. ಅವು ಕಡಿಮೆ ಇದ್ದರೆ ತಾಮ್ರ ಬಿಡಿಯಾಗಿ ಉಳಿದು ನೇರವಾಗಿ ಮೀನಿನ ಕಿವಿರಿಗೆ ತಾಗುತ್ತದೆ. ಹಾಗಾಗಿ ಎಲ್ಲ ಹೊಂಡಕ್ಕೂ 1 ಪಿಪಿಎಂ ಅನ್ನುವುದು ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಮೀನು ಇರುವ ಹೊಂಡಕ್ಕೆ ಹಿಡಿಯುವ ನಿಯಮ ಬೇರೆ: ಆಲ್ಕಲಿನಿಟಿಯನ್ನು 100ರಿಂದ ಭಾಗಿಸಿ, ಬಂದಷ್ಟು ಪಿಪಿಎಂ ಮೈಲುತುತ್ತ. ಆಲ್ಕಲಿನಿಟಿ 80 ಇದ್ದರೆ 0.8 ಪಿಪಿಎಂ, 398 ಘನ ಮೀಟರ್‌ಗೆ 318 ಗ್ರಾಂ. 50ಕ್ಕಿಂತ ಕಡಿಮೆ ಇದ್ದರೆ ಮೈಲುತುತ್ತವನ್ನೇ ಮುಟ್ಟಬೇಡಿ. 250 ದಾಟಿದರೂ ಬೇಡ. ಅಲ್ಲಿ ತಾಮ್ರ ಬೇಗನೆ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ, ಪಾಚಿಗೆ ಏನೂ ಆಗುವುದಿಲ್ಲ.

ನಿಮ್ಮದು ಮಳೆ ನೀರು, ಅದೂ ಪ್ಲಾಸ್ಟಿಕ್ ಹಾಸಿದ ಹೊಂಡ. ಮಣ್ಣು ಸೋಕದ ಮಳೆ ನೀರಿನಲ್ಲಿ ಆಲ್ಕಲಿನಿಟಿ ಕಡಿಮೆ ಇರುತ್ತದೆ. 50ರ ಕೆಳಗೇ ಇರಬಹುದು ಅನ್ನುವುದು ನನ್ನ ಭಯ. ಹನಿ ಎಣಿಸುವ ಕಿಟ್ ತನ್ನಿ. ಮೊಣಕೈ ಆಳದಿಂದ ನೀರು ತೆಗೆದು, ಬಣ್ಣ ತಿರುಗುವವರೆಗೆ ಹನಿ ಹಾಕುತ್ತಾ ಎಣಿಸುವುದು, ಅಷ್ಟೇ. ಒಂದು ಹನಿಗೆ ಎಷ್ಟು ಪಿಪಿಎಂ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಅಂಕಿ ಕೈಗೆ ಬರುವ ತನಕ ಮೈಲುತುತ್ತದ ಪೊಟ್ಟಣ ಬಿಚ್ಚಬೇಡಿ.

ಸರಕು ಸ್ಟ್ರಾಂಗ್ ಇತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೀಲಿ ಹರಳಿನ ಮೈಲುತುತ್ತದಲ್ಲಿ ತಾಮ್ರ ಇರುವುದು ಕಾಲು ಭಾಗ. ಹರಳು ಎಷ್ಟೇ ಶುದ್ಧ ಇದ್ದರೂ ಅದನ್ನು ಮೀರುವುದಿಲ್ಲ. ಗೊಂದಲ ಬರುವುದು ಇನ್ನೊಂದು ಕಡೆ. ಕೆಲವು ಕಡೆ ಪಿಪಿಎಂ ಅನ್ನು ಹರಳಿನ ಲೆಕ್ಕದಲ್ಲಿ ಕೊಡುತ್ತಾರೆ, ಕೆಲವು ಕಡೆ ಬರೀ ತಾಮ್ರದ ಲೆಕ್ಕದಲ್ಲಿ. ಒಂದನ್ನು ಇನ್ನೊಂದು ಅಂದುಕೊಂಡರೆ ನಾಲ್ಕು ಪಟ್ಟು ವ್ಯತ್ಯಾಸ. ನಾನು ಇಲ್ಲಿ ಹೇಳಿದ್ದೆಲ್ಲ ಹರಳಿನ ಲೆಕ್ಕ. ಬಾಟಲಿಯಲ್ಲಿ ಬರುವ ದ್ರವ ತಾಮ್ರಕ್ಕೆ ಇದನ್ನು ಹಚ್ಚಬೇಡಿ, ಅದಕ್ಕೆ ಬಾಟಲಿಯ ಮೇಲಿನ ಪ್ರಮಾಣವೇ ಬೇರೆ.

ಕಳೆದ ವರ್ಷ ನಿಮ್ಮ ಮೀನು ಬರೀ ತಾಮ್ರದ ವಿಷಕ್ಕೇ ಸತ್ತವು ಅಂತಲೂ ನನಗೆ ಅನಿಸುವುದಿಲ್ಲ. ಮೂರನೇ ದಿನ, ಬೆಳಗಿನ ಜಾವ, ಬಾಯಿ ಮೇಲೆ, ದೊಡ್ಡವು ಮೊದಲು. ಇವೆಲ್ಲ ಆಮ್ಲಜನಕ ಕಡಿಮೆಯಾದ ಲಕ್ಷಣ. ತಾಮ್ರವೇ ನೇರವಾಗಿ ಕೊಂದಿದ್ದರೆ ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಶುರುವಾಗುತ್ತದೆ, ಹೊತ್ತು ನೋಡುವುದಿಲ್ಲ, ಮರಿಗಳನ್ನೂ ಬಿಡುವುದಿಲ್ಲ. ಕಿವಿರಿನ ಮುಚ್ಚಳ ಎತ್ತಿದರೆ ಲೋಳೆ ತುಂಬಿರುತ್ತದೆ. ನಿಮ್ಮಲ್ಲಿ ಆಗಿರುವುದು ಹೀಗಿರಬೇಕು: ಮೂರು ಪಟ್ಟು ಔಷಧಿಗೆ ಇಡೀ ಹೊಂಡದ ಪಾಚಿ ಒಟ್ಟಿಗೆ ಸತ್ತಿತು. ಹಗಲಲ್ಲಿ ಆಮ್ಲಜನಕ ಕೊಡುತ್ತಿದ್ದದ್ದು ಅದೇ ಪಾಚಿ. ಅದು ನಿಂತಿತು, ಸತ್ತ ಪಾಚಿ ಕೊಳೆಯುತ್ತಾ ಉಳಿದ ಆಮ್ಲಜನಕವನ್ನೂ ಎಳೆದುಕೊಂಡಿತು. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಏನೂ ಉಳಿಯಲಿಲ್ಲ. ತಾಮ್ರದಿಂದ ಕಿವಿರು ಮೊದಲೇ ನೊಂದಿದ್ದರೆ ಮೀನಿಗೆ ಅದನ್ನು ತಡೆಯುವ ಶಕ್ತಿಯೂ ಇರುವುದಿಲ್ಲ. ಇದನ್ನು ಬಿಡಿಸಿ ಹೇಳಲು ಕಾರಣ ಇದೆ. ಪ್ರಮಾಣ ಸರಿಯಾಗಿದ್ದರೂ ಒಂದೇ ಸಲ ಎಲ್ಲ ಪಾಚಿ ಸಾಯಿಸಿದರೆ ಇದೇ ಗತಿ ಮತ್ತೆ ಆಗಬಹುದು.

ಹಾಗಾದರೆ ಈಗ ಏನು ಮಾಡಬಹುದು? ಮೊದಲು ನಿಮ್ಮದು ಯಾವ ಪಾಚಿ ನೋಡಿ. ನೂಲಿನ ಹಾಗೆ ಜಡೆಗಟ್ಟಿದ್ದರೆ, ಅಡ್ಡ ಹಗ್ಗಕ್ಕೆ ಹಳೇ ಬಲೆ ಕಟ್ಟಿ ಇಬ್ಬರು ಎರಡು ದಂಡೆಯಿಂದ ಎಳೆದು ಹೊರಗೆ ಹಾಕುವುದೇ ಉತ್ತಮ. ಮೈಮುರಿ ಕೆಲಸ, ಮತ್ತೆ ಮತ್ತೆ ಮಾಡಬೇಕು. ಆದರೆ ಪಾಚಿ ತಿಂದಿದ್ದ ಗೊಬ್ಬರವೂ ಅದರ ಜೊತೆಗೇ ಹೊರಗೆ ಬರುತ್ತದೆ. ಔಷಧಿ ಹಾಕಿದರೆ ಅದು ಅಲ್ಲೇ ಕೊಳೆತು ಮುಂದಿನ ಪಾಚಿಗೆ ಊಟವಾಗುತ್ತದೆ. ಪಾಚಿ ಬರೀ ಹಸಿರು ನೀರಾಗಿದ್ದರೆ, ಒಂದು ಬಿಳಿ ತಟ್ಟೆಯನ್ನು ದಾರದಲ್ಲಿ ಇಳಿಸಿ. 30ರಿಂದ 40 ಸೆಂಟಿಮೀಟರ್‌ವರೆಗೆ ಕಾಣುತ್ತಿದ್ದರೆ ಅದನ್ನು ಮುಟ್ಟಬೇಡಿ. ಮೀನಿನ ಹೊಂಡಕ್ಕೆ ಅಷ್ಟು ಹಸಿರು ಬೇಕು. 20ರೊಳಗೇ ಮಾಯವಾದರೆ ಮೇವು ಕಡಿಮೆ ಮಾಡಿ, ಸಗಣಿ ಗೊಬ್ಬರ ನಿಲ್ಲಿಸಿ, ಒಂದಷ್ಟು ನೀರು ಹೊಲಕ್ಕೆ ಬಿಟ್ಟು ಹೊಸ ನೀರು ತುಂಬಿಸಿ. ನಿಧಾನ ಆಗುತ್ತದೆ, ಆದರೆ ಮೀನಿಗೆ ಅಪಾಯ ಕಡಿಮೆ.

ಇದ್ಯಾವುದೂ ಆಗದೆ, ಆಲ್ಕಲಿನಿಟಿಯೂ 50 ದಾಟಿದ್ದರೆ ಮಾತ್ರ ಮೈಲುತುತ್ತ. ಪೊಟ್ಟಣದ ಮೇಲೆ ಮೀನಿನ ಹೊಂಡಕ್ಕೆ ಬಳಸಲು ಹೇಳಿದ್ದಾರಾ, ಮಿತಿ ಎಷ್ಟು ಅಂತ ಓದಿ. ಆ ನೀರನ್ನು ಕುರಿಗಳು ಕುಡಿಯುತ್ತಿದ್ದರೆ ಬೇಡವೇ ಬೇಡ, ತಾಮ್ರವನ್ನು ಕುರಿ ಬೇರೆ ಜಾನುವಾರುಗಳಷ್ಟು ತಡೆಯುವುದಿಲ್ಲ. ಆಲ್ಕಲಿನಿಟಿ 80 ಅಂತಲೇ ಇಟ್ಟುಕೊಳ್ಳೋಣ. 318 ಗ್ರಾಂನಲ್ಲಿ ಅರ್ಧ, 159 ಗ್ರಾಂ ತೂಗಿ. ಕೈಗವಸು ಹಾಕಿಕೊಂಡು ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕರಗಿಸಿ, ತಗಡಿನ ಬಕೆಟ್ ಆದರೆ ತಾಮ್ರ ಅದಕ್ಕೇ ಹಿಡಿಯುತ್ತದೆ. ಬಟ್ಟೆಯಲ್ಲಿ ಸೋಸಿ, ಕರಗದ ಹರಳು ತಳಕ್ಕೆ ಬಿದ್ದರೆ ಆ ಜಾಗದಲ್ಲಿ ವಿಷ ಗಟ್ಟಿಯಾಗಿ ನಿಲ್ಲುತ್ತದೆ. ಮೋಡ ಇಲ್ಲದ ದಿನ, ಬಿಸಿಲು ಏರಿದ ಮೇಲೆ, ಹೊಂಡದ ಒಂದು ಅರ್ಧಕ್ಕೆ ಮಾತ್ರ ಮೇಲ್ಮೈ ತುಂಬ ಸಿಂಪಡಿಸಿ. ಮೀನು ಇನ್ನೊಂದು ಅರ್ಧಕ್ಕೆ ಸರಿದುಕೊಳ್ಳಲು ಜಾಗ ಇರುತ್ತದೆ.

ಆವತ್ತಿನಿಂದ ಮೇವು ನಿಲ್ಲಿಸಿ. ಮುಂದಿನ ನಾಲ್ಕೈದು ರಾತ್ರಿ ಏರೇಟರ್ ಓಡಲಿ. ಇಲ್ಲದಿದ್ದರೆ ಪಂಪ್‌ನಿಂದ ಹೊಂಡದ ನೀರನ್ನೇ ಎತ್ತಿ ಮೇಲಿಂದ ಮಳೆಯ ಹಾಗೆ ಬೀಳಿಸಿ, ಮಧ್ಯರಾತ್ರಿಯಿಂದ ಬಿಸಿಲು ಬರುವ ತನಕ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ದಂಡೆಗೆ ಹೋಗಿ ನೋಡಿ. ಒಂದೆರಡು ಮೀನು ಬಾಯಿ ಮೇಲೆ ಮಾಡಿದ್ದು ಕಂಡರೂ ಹೊಸ ನೀರು ಬಿಡಲು ಶುರು ಮಾಡಿ, ಇನ್ನರ್ಧ ಔಷಧಿಯ ಯೋಚನೆ ಕೈಬಿಡಿ. ಎಲ್ಲ ಸರಿ ಇದ್ದರೆ ಹತ್ತು ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಅರ್ಧಕ್ಕೆ ಹಾಕಬಹುದು. ಆಗ ಹಳೇ 159 ಗ್ರಾಂ ಹಿಡಿಯಬೇಡಿ. ಅಷ್ಟರಲ್ಲಿ ನೀರು 1.5 ಮೀಟರ್‌ಗೆ ಇಳಿದಿದ್ದರೆ ಹೊಂಡದಲ್ಲಿರುವುದು 266 ಘನ ಮೀಟರ್, ಅರ್ಧದ ಪ್ರಮಾಣ 106 ಗ್ರಾಂ ಅಷ್ಟೇ.